ಹೊರದೇಶದವರಿಗೆ ಇಳಕಲ್ ಸೀರೆ ಮಾರುವವರಿಗೆ: ಬ್ರೋಷರ್‌ನಲ್ಲಿ ಈ ಸಾಲುಗಳಿರಲಿ

ದೂರದಲ್ಲಿರುವ ಗ್ರಾಹಕರು ಸೀರೆಯನ್ನು ಮುಟ್ಟಿ ನೋಡೋಕಾಗಲ್ಲ. ಹಾಗಾಗಿ ಬ್ರೋಷರ್‌ನಲ್ಲಿ 'ಮನಮೋಹಕ', 'ರಾಜವೈಭವ' ಅಂತ ಸುಮ್ನೆ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಕೈಗೆ ಏನು ಸಿಗುತ್ತೆ ಅನ್ನೋದನ್ನು ಬರೆಯಿರಿ.

ಇಳಕಲ್ ಸೀರೆಯಲ್ಲಿ ಮೊದಲು ಹೇಳಬೇಕಾದದ್ದು ಸೆರಗಿನ ಸೇರಿಕೆ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಕುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೀರೆ ಬಿಚ್ಚಿ ನೋಡಿದರೆ ಅಲ್ಲಿ ಅಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ಗೊತ್ತಿಲ್ಲದವರು ಅದನ್ನು ದೋಷ ಅಂದುಕೊಂಡು ವಾಪಸ್ ಕಳಿಸಬಹುದು, ಅಲ್ವಾ? ಆ ಜಾಗದ ಹತ್ತಿರದ ಫೋಟೋ ಹಾಕಿ, ಕೆಳಗೆ ಹೀಗೆ ಬರೆಯಿರಿ: "ಒಡಲು ಮತ್ತು ಸೆರಗು ಸೇರುವ ಗೆರೆ ಇದು. ನೇಕಾರರು ಕೈಯಿಂದ ಕೊಂಡಿ ಹಾಕಿ ಸೇರಿಸಿದ್ದು, ಹರಿದು ಹೊಲಿದದ್ದಲ್ಲ."

ಆಮೇಲೆ ನೂಲು. ಬರೀ 'ರೇಷ್ಮೆ ಸೀರೆ' ಅಂತ ಬರೆಯಬೇಡಿ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್ ಆಗಿದ್ದರೆ ಹಾಗೆಯೇ ಹೇಳಿ. ಆರ್ಟ್ ಸಿಲ್ಕ್ ನಿಜವಾದ ರೇಷ್ಮೆಯಲ್ಲ. ಅದನ್ನು ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ, ಮತ್ತೆ ಬರುವುದು ಕಷ್ಟ.

ಕುಪ್ಪಸದ ತುಂಡು ಸೀರೆಗೆ ಸೇರಿದೆಯಾ, ಬೇರೆ ಇದೆಯಾ, ಇಲ್ಲವೇ ಇಲ್ಲವಾ? ಅಳತೆಯನ್ನು ಅಂದಾಜಿನಲ್ಲಿ ಹೇಳದೆ ಟೇಪ್ ಹಿಡಿದು ಅಳೆದು ಮೀಟರ್‌ನಲ್ಲಿ ಬರೆಯಿರಿ. ಫಾಲ್ ಹಚ್ಚಿ, ಅಂಚು ಹೊಲಿದು ಕಳಿಸುತ್ತೀರಾದರೆ ಅದನ್ನು ದಪ್ಪ ಅಕ್ಷರದಲ್ಲೇ ಹಾಕಿ. ಅಲ್ಲಿ ಈ ಕೆಲಸ ಮಾಡಿಕೊಡುವವರು ಸುಲಭಕ್ಕೆ ಸಿಗುವುದಿಲ್ಲ.