ಟೈಮ್ ಹಾಕದೆ ಬರೆದ ನನ್ನ ಮೊದಲ ಮ್ಯಾರಥಾನ್ ಕ್ಯಾಪ್ಷನ್

ಓಟ ಮುಗಿಸಿದ್ದಕ್ಕಿಂತ ಅದರ ಇನ್‌ಸ್ಟಾಗ್ರಾಂ ಕ್ಯಾಪ್ಷನ್ ಬರೆಯೋದೇ ಕಷ್ಟ ಆಯ್ತು ಅಂದರೆ ನಮ್ಮ ಗ್ರೂಪಿನವರು ಈಗಲೂ ನಗುತ್ತಾರೆ. ಟೈಮ್ ಇಲ್ಲ, ಪೇಸ್ ಇಲ್ಲ, ಕಿಲೋಮೀಟರ್ ಇಲ್ಲ ಅಂದಾಗ "ಮತ್ತೆ ಓದೋಕೆ ಏನಿರತ್ತೆ?" ಅಂತ ಒಬ್ಬ ಕೇಳಿಯೂ ಬಿಟ್ಟ. ನನಗೇನೋ ಒಳ್ಳೇ ಬರಹ ಅನ್ನಿಸಿದೆ, ಅದಕ್ಕೇ ಹೇಗಾಯ್ತು ಅಂತ ಹೇಳುತ್ತೇನೆ.

ಮೊದಲ ಕ್ಯಾಪ್ಷನ್ ಓಡಿದ ದಿನ ಸಂಜೆಯೇ ಹಾಕಿದ್ದೆ. 42.195, ಒಟ್ಟು ಸಮಯ, ಅರ್ಧ ದಾರಿಯ ಸಮಯ, ಎಷ್ಟು ವಾರದ ತಯಾರಿ, ಎಲ್ಲಾ ಇತ್ತು. ಲೆಕ್ಕದ ಪುಸ್ತಕದ ಹಾಗೆ. ಬಂದ ಕಾಮೆಂಟೂ ಅದೇ ಲೆಕ್ಕ, "ಮೂವತ್ತು ಕಿಲೋಮೀಟರ್ ನಂತರ ಸ್ಪೀಡ್ ಯಾಕೆ ಬಿತ್ತು?" ಅಂತ. ಒಂದು ಗಂಟೆಯೊಳಗೆ ತೆಗೆದುಬಿಟ್ಟೆ.

ಎರಡನೇ ಸಲ ಅಂಕಿ ತೆಗೆದೆ, ಆದರೆ ಆ ಜಾಗಕ್ಕೆ ಕನಸು, ಛಲ, ಪಯಣ ಅಂತ ತುಂಬಿದೆ. ಓದಿ ನೋಡಿದರೆ ಯಾರು ಬರೆದಿದ್ದರೂ ನಡೆಯುತ್ತಿತ್ತು, ಬೆಟ್ಟ ಹತ್ತಿದವರಿಗೂ ಹೊಂದುತ್ತಿತ್ತು. ಅದನ್ನು ಹಾಕಲೇ ಇಲ್ಲ.

ಇನ್ನೊಂದು ಎಡವಟ್ಟು ಫೋಟೋದ್ದು. ಓಟದ ಫೋಟೋ ಪ್ಯಾಕೇಜಿಗೆ ದುಡ್ಡು ಕೊಟ್ಟು ಮೂವತ್ತೋ ನಲವತ್ತೋ ಫೋಟೋ ಕೊಂಡಿದ್ದೆ. ಚೆನ್ನಾಗಿ ಬಂದಿದ್ದು ಕೊನೆಯ ಗೇಟಿನದು ಒಂದೇ, ಅದರಲ್ಲಿ ತಲೆ ಮೇಲೆ ದೊಡ್ಡ ಗಡಿಯಾರ! ನಾನು ಬರೆಯದಿದ್ದರೂ ಅದು ಹೇಳಿಬಿಡುತ್ತದೆ. ಅದೂ ಗನ್ ಟೈಮ್, ಅಂದರೆ ಓಟ ಶುರುವಾದ ಕ್ಷಣದಿಂದ ಎಣಿಸಿದ್ದು. ನಾನು ಹಿಂದಿನ ಸಾಲಿನಿಂದ ಹೊರಟವನು, ಗೆರೆ ದಾಟೋಕೇ ಕೆಲವು ನಿಮಿಷ ಹಿಡಿದಿತ್ತು, ಅಂದರೆ ನಾನು ಗೆರೆ ದಾಟಿದಾಗಿನಿಂದ ಎಣಿಸುವ ಚಿಪ್ ಟೈಮಿಗಿಂತ ಜಾಸ್ತಿ ತೋರಿಸುತ್ತಿತ್ತು. ಕ್ರಾಪ್ ಮಾಡಿದರೆ ಎತ್ತಿದ ಕೈಗಳೂ ಹೋದವು. ದುಡ್ಡು ದಂಡ.

ದಾರಿ ಸಿಕ್ಕಿದ್ದು ಗೋಡೆಗೆ ಅಂಟಿಸಿದ್ದ ತರಬೇತಿ ಹಾಳೆಯಿಂದ. ಹದಿನೆಂಟು ವಾರದ ಚೌಕಗಳು, ಓಡಿದ ದಿನ ಟಿಕ್, ತಪ್ಪಿದ ದಿನ ಪೆನ್ಸಿಲ್ಲಲ್ಲಿ ಒಂದು ಗೀಟು, ಪಕ್ಕದಲ್ಲಿ ಎರಡು ಪದದ ಕಾರಣ. ಟಿಕ್ ಹಾಕಿದ ದಿನ ಒಂದೂ ನೆನಪಿಗೆ ಬರಲಿಲ್ಲ, ಗೀಟು ಹಾಕಿದ್ದು ಎಲ್ಲಾ ನೆನಪಿತ್ತು. "ಮೊಣಕಾಲಿನ ಕೆಳಗೆ ನೋವು." "ಹೊಟ್ಟೆ." "ನಿದ್ದೆ, ಸುಮ್ನೆ." ಹೊಟ್ಟೆ ಅಂದರೆ, ಲಾಂಗ್ ರನ್ನಿನಲ್ಲಿ ಸುಸ್ತಾಗುವ ತನಕ ಕಾದು, ಆಮೇಲೆ ಎರಡು ಎನರ್ಜಿ ಜೆಲ್ ಒಟ್ಟಿಗೆ ನೀರಿಲ್ಲದೆ ನುಂಗಿದ್ದು. ಮುಂದಿನ ಮುಕ್ಕಾಲು ಗಂಟೆ ಓಡಿದ್ದು ನಾನಲ್ಲ, ನನ್ನ ಹೊಟ್ಟೆ.

ಹಾಗಾಗಿ ಗೀಟಿನ ದಿನಗಳಿಂದಲೇ ಮೂರನ್ನು ಆರಿಸಿ, ಪ್ರತಿಯೊಂದಕ್ಕೂ ಆಮೇಲೆ ಏನು ಬದಲಿಸಿದೆ ಅಂತ ಒಂದು ವಾಕ್ಯ ಸೇರಿಸಿದೆ. ಬದಲಿಸಿದ್ದು ಇಲ್ಲದಿದ್ದರೆ ಅದು ಬರೀ ಗೋಳು ಆಗುತ್ತೆ. ಮೊದಲ ಸಾಲಿನ ಮೇಲೇ ಎರಡು ದಿನ ಹೋಯ್ತು, ಯಾಕೆಂದರೆ ಇನ್‌ಸ್ಟಾಗ್ರಾಂ ಒಂದೆರಡು ಸಾಲು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ ಅಂತ ನಿಮಗೆ ಗೊತ್ತೇ ಇದೆ. "ಮುಗಿಸಿದೆ" ಅಂತ ಶುರು ಮಾಡಿದರೆ ಬೆರಳು ನಿಲ್ಲೋದಿಲ್ಲ, ಎಲ್ಲರೂ ಮುಗಿಸಿರುತ್ತಾರೆ. ಹೀಗೆ ಆಯ್ತು:

"ಹೆಬ್ಬೆರಳಿನ ಉಗುರು ಹದಿಮೂರನೇ ವಾರದಲ್ಲೇ ಕಪ್ಪಾಗಿತ್ತು. ಶೂ ಅರ್ಧ ಸೈಜ್ ದೊಡ್ಡದು ತಗೋಬೇಕು ಅಂತ ಅದೇ ಕಲಿಸಿತು. ಕಾಲು ನೋವಿಗೆ ಹತ್ತು ದಿನ ಮನೆಯಲ್ಲಿ ಕೂತೆ, ಎದ್ದ ಮೇಲೆ ನಿಧಾನಕ್ಕೆ ಓಡೋದು ಕಲಿತೆ. ಹೊಟ್ಟೆ ಕೆಟ್ಟ ಭಾನುವಾರದ ನಂತರ ಹಸಿವಾಗೋ ಮೊದಲೇ ತಿಂದೆ. ನಿನ್ನೆ ಕೊನೆಯ ಭಾಗದಲ್ಲಿ ನಡೆದೆ, ಓಡಿದೆ, ಮತ್ತೆ ನಡೆದೆ. ಗೋಡೆಯ ಹಾಳೆಯಲ್ಲಿ ಇನ್ನು ಖಾಲಿ ಚೌಕ ಇಲ್ಲ."

ಹಾಕಿದ್ದು ನಾಲ್ಕು ದಿನ ಬಿಟ್ಟು, ಆದರೂ "ನಿನ್ನೆ" ಅಂತಲೇ ಇಟ್ಟೆ. ಸುಳ್ಳು ಅಂತೀರಾ? ಹೌದು, ಸ್ವಲ್ಪ.

ಮಧ್ಯೆ ಬೇರೆ ಆಟಗಳನ್ನೂ ಆಡಿದೆ. ಶೂ ಮಾತಾಡೋ ಹಾಗೆ ಬರೆದೆ, ನನಗೇ ನಾಚಿಕೆ ಆಯ್ತು. ಓಟ ಮುಗಿದ ತಕ್ಷಣ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ, ಕೇಳಿದರೆ ಮೂರು ನಿಮಿಷ ಬರೀ ಉಸಿರು, ಕೊನೆಗೆ "ಚಪ್ಪಲಿ ಎಲ್ಲಿ?" ಉಪಯೋಗಕ್ಕೆ ಬಂದಿದ್ದು ಒಂದೇ, ಈಸಿ ರನ್ನಿನಲ್ಲಿ ಕರಡನ್ನು ಬಾಯಲ್ಲಿ ಹೇಳಿ ನೋಡಿದ್ದು. ಉಸಿರು ಕಟ್ಟಿದ ವಾಕ್ಯ ಉದ್ದ ಜಾಸ್ತಿ ಅಂತ ಲೆಕ್ಕ, ಕತ್ತರಿಸಿದೆ.

ಫೋಟೋ ಆ ಹಾಳೆಯದ್ದೇ, ಪುಕ್ಕಟೆ. ಅದರ ಮೇಲಿನ ಕಿಲೋಮೀಟರ್ ಕಾಣದೆ ಗೀಟು ಮಾತ್ರ ಕಾಣೋ ಹಾಗೆ ಹೇಗೆ ತೆಗೆದೆ ಅನ್ನೋದನ್ನು ಇಲ್ಲಿ ಹೇಳೋದಿಲ್ಲ, ಮುಂದಿನ ಓಟಕ್ಕೂ ಬೇಕು.

ಲೈಕ್ ಮೊದಲಿಗಿಂತ ಕಮ್ಮಿಯೇ. ಕಾಮೆಂಟ್ ಮಾತ್ರ ಉದ್ದುದ್ದ, ತಮ್ಮ ತಮ್ಮ ಹೊಟ್ಟೆ, ಉಗುರು, ತಪ್ಪಿದ ಭಾನುವಾರ. ಟೈಮ್ ಕೇಳಿದವರು ಇಬ್ಬರೋ ಮೂವರೋ. "ಓದೋಕೆ ಏನಿರತ್ತೆ" ಅಂದವನು ಮೊನ್ನೆ ಸಿಕ್ಕಾಗ ಕೇಳಿದ್ದು, "ಉಗುರು ಬಂತಾ?" ಅರ್ಧ ಬಂದಿದೆ.