ಭಾವನ ಬಾಯಿ ಬಿಡಿಸಿದ್ದು ನನ್ನ ತಪ್ಪು ನೆನಪು

ಅಕ್ಕ ಹೋಗಿ ಎರಡು ವರ್ಷ ಆಗುತ್ತಾ ಬಂತು. ಭಾವ ಈಗ ಅವಳ ವಿಷಯ ಮಾತಾಡುತ್ತಾರೆ. ವಾರಕ್ಕೆ ಒಂದೋ ಎರಡೋ ಸಲ, ಜಾಸ್ತಿಯೂ ವಾಟ್ಸಾಪಿನಲ್ಲೇ. ಮೊದಲ ಐದು ತಿಂಗಳು ಅವಳ ಹೆಸರು ಬಂದರೆ ಎದ್ದು ಹೋಗುತ್ತಿದ್ದ ಮನುಷ್ಯ ಅವರು. "ಮೆಸೇಜು ಹಾಕಿದ್ರೆ ದುಃಖ ಹೋಗ್ತದಾ ಮಾರಾಯ?" ಎಂದು ನಗಾಡಿದ ದೊಡ್ಡಮ್ಮನ ಮಗ ಮೊನ್ನೆ ನನಗೇ ಫೋನ್ ಮಾಡಿ ಕೇಳಿದ, ಅವನ ಮಾವನಿಗೆ ಏನು ಬರೆಯಬೇಕು ಅಂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಾವನದು ಉಡುಪಿಯ ಸಂತೆಕಟ್ಟೆಯಲ್ಲಿ ಮಿಕ್ಸಿ, ಫ್ಯಾನ್ ರಿಪೇರಿ ಅಂಗಡಿ. ಅಕ್ಕನ ಉತ್ತರಕ್ರಿಯೆ, ನಮ್ಮಲ್ಲಿ ಬೊಜ್ಜ ಅನ್ನುವುದು, ಮುಗಿದ ಮರುದಿನವೇ ಶಟರ್ ಎತ್ತಿದರು. ಯಾರು ಕೇಳಿದರೂ "ಎಂತ ಇಲ್ಲ, ಕೆಲಸ ಉಂಟು" ಎಂಬ ಒಂದೇ ಉತ್ತರ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ದಿನಾ ರಾತ್ರಿ "ಊಟ ಆಯ್ತಾ ಭಾವ? ಹೇಗಿದ್ದೀರಿ?" "ಆಯ್ತು. ಆರಾಮ." ಎರಡು ತಿಂಗಳು ಇದೇ. ಒಂದು ರಾತ್ರಿ ತಡೆಯಲಾಗದೆ ಉದ್ದಕ್ಕೆ ಬರೆದೆ, ಮನಸ್ಸು ಬಿಚ್ಚಿ ಮಾತಾಡಿ, ನಾವೆಲ್ಲ ಇದ್ದೇವೆ, ಹೀಗೆಲ್ಲ. ನೀಲಿ ಗೆರೆ ಬಿತ್ತು. ಬೆಳಿಗ್ಗೆ ಉತ್ತರ ಬಂತು: "ನಿಮ್ಮ ಮನೆ ಇನ್ವರ್ಟರಿಗೆ ನೀರು ಹಾಕಿದ್ಯಾ?"

ದುಡ್ಡೂ ಹೋಯಿತು. ಕೊಲ್ಲೂರಿಗೆ ಹೋಗುವ ಅಂತ ಕಾರು ಗೊತ್ತು ಮಾಡಿದೆ, ಅವರು ಬರಲಿಲ್ಲ, ಅಡ್ವಾನ್ಸ್ ಸಾವಿರವೋ ಏನೋ ಮುಳುಗಿತು. ಅವರನ್ನು ಕೇಳದೆ ಕೌನ್ಸೆಲರ್ ಹತ್ತಿರ ಹೊತ್ತು ಗೊತ್ತು ಮಾಡಿ ಎಂಟುನೂರು ಕಟ್ಟಿದ್ದೆ, ಅದೂ ಹೋಯಿತು. ಕೌನ್ಸೆಲರ್ ತಪ್ಪಲ್ಲ ಅದು. ಗಿರಾಕಿಯನ್ನೇ ಕೇಳದೆ ಅವನ ಮಿಕ್ಸಿ ಬಿಚ್ಚಿದ ಹಾಗೆ ಆಯಿತು.

ಆಮೇಲೆ ನನಗೆ ಹೊಳೆದದ್ದು ಇಷ್ಟು. ರಿಪೇರಿ ಮಾಡುವವನಿಗೆ "ಹೇಗಿದ್ದೀರಿ" ಅಂದರೆ "ನಿಮ್ಮಲ್ಲಿ ಏನು ಹಾಳಾಗಿದೆ" ಅಂತ ಕೇಳಿದ ಹಾಗೆ. ಏನೂ ಹಾಳಾಗಿಲ್ಲ ಎಂದೇ ಹೇಳುತ್ತಾನೆ. ಹಾಗಾಗಿ ಪ್ರಶ್ನೆ ಬಿಟ್ಟೆ. ದಿನಾ ಬರೆಯುವುದೂ ಬಿಟ್ಟೆ. ವಾರಕ್ಕೆ ಎರಡು ಮೆಸೇಜು, ಮೂರು ಸಾಲಿಗಿಂತ ಹೆಚ್ಚಿಲ್ಲ. ಅದರಲ್ಲಿ ಅಕ್ಕನ ಹೆಸರು ಇರಲೇಬೇಕು, ಕಣ್ಣಿಗೆ ಕಾಣುವಂಥ ಒಂದು ಚಿಕ್ಕ ಸಂಗತಿ ಇರಬೇಕು, ಉತ್ತರ ಕೊಡದಿದ್ದರೂ ನಡೆಯುವ ಹಾಗಿರಬೇಕು. ಉದಾಹರಣೆಗೆ:

"ಇವತ್ತು ಸುರತ್ಕಲ್ ಮಾರ್ಕೆಟಿನಲ್ಲಿ ಬಂಗುಡೆ ನೋಡಿದೆ. ಶಾರದಕ್ಕ ಕಿವಿರು ಎತ್ತಿ ನೋಡದೆ ಒಂದು ಮೀನೂ ತೆಗೊಳ್ತಿರಲಿಲ್ಲ. ಸುಮ್ನೆ ನೆನಪಾಯ್ತು, ಉತ್ತರ ಬೇಡ."

ಹೆಸರು ಎತ್ತಿದರೆ ನೋವಾಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ನನ್ನನ್ನು ಬೈದರು. ಅವರು ಮರೆತಿದ್ದರಲ್ವಾ ನಾನು ನೆನಪಿಸುವುದು! ಹೆಸರೇ ಎತ್ತದೆ ಇದ್ದದ್ದರಿಂದ ಅವರೊಬ್ಬರೇ ಆ ಹೆಸರನ್ನು ಹೊತ್ತುಕೊಂಡು ಕೂತಿದ್ದರು.

ಇಂಥ ಹತ್ತು ಹನ್ನೆರಡು ಮೆಸೇಜಿಗೆ ಉತ್ತರವೇ ಇಲ್ಲ. ಒಮ್ಮೆ ಮಾತ್ರ "ಹೌದು, ಬೆಕ್ಕಿಗೂ ಪಾಲು ಕೊಡ್ತಿದ್ಲು" ಅಂತ ಬಂತು. ನಾನು ಹೆಡ್ಡ, ಖುಷಿಯಲ್ಲಿ ಆ ಕ್ಷಣವೇ ಫೋನ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮೂರು ವಾರ ಬರೇ ಥಂಬ್ಸಪ್. ಬರೆದು ಹೇಳಿದವನ ದನಿಯನ್ನು ಅದೇ ಹೊತ್ತಿಗೆ ಕೇಳಲಿಕ್ಕೆ ಹೋಗಬಾರದು. ದನಿ ಒಡೆಯುತ್ತದೆ ಅಂತಲೇ ಅವನು ಬರೆದದ್ದು.

ಈ ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಗುಜರಿಯಿಂದ ಮುನ್ನೂರು ರೂಪಾಯಿಗೆ ಹಳೆ ಮಿಕ್ಸಿ ತಂದು ರಿಪೇರಿಗೆ ಅಂತ ಅವರ ಅಂಗಡಿಗೆ ಹೋದೆ. ಕೈಗೆ ಕೆಲಸ ಇದ್ದು, ಮುಖ ನೋಡುವ ಅಗತ್ಯ ಇಲ್ಲದಿದ್ದರೆ ಮಾತು ಬರುತ್ತದೆ ಅಂತ ನನ್ನ ಲೆಕ್ಕ. ಬಂದದ್ದು ಮೋಟಾರಿನ ಕಾರ್ಬನ್ ಬ್ರಷ್ ವಿಷಯ ಮಾತ್ರ. ಎರಡನೇ ಮಿಕ್ಸಿಗೆ ಅವರಿಗೆ ಸಂಶಯ ಬಂತು, ಮೂರನೆಯದಕ್ಕೆ ನನ್ನ ಹೆಂಡತಿಗೆ. ಆದರೆ ಕೋಡಿ ಬೆಂಗ್ರೆಗೆ ಸ್ಕೂಟರಿನಲ್ಲಿ ಹೋದದ್ದು ಚೆನ್ನಾಗಿತ್ತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ಹಿಂದೆ ಕೂತವರ ಮುಖ ಕಾಣುವುದಿಲ್ಲ. ಅಲ್ಲಿ ಅವರು ಅಳುತ್ತಿದ್ದರೋ ಏನೋ, ನಾನು ಕನ್ನಡಿ ನೋಡಲಿಲ್ಲ.

ಬಾಯಿ ಬಿಡಿಸಿದ್ದು ಮೇ ತಿಂಗಳ ಒಂದು ತಪ್ಪು. ನಾನು ಬರೆದದ್ದು: "ಮದುವೆಯಾದ ಹೊಸತರಲ್ಲಿ ನೀವಿಬ್ಬರು ಮಲ್ಪೆಗೆ ಹೋದಾಗ ಅಕ್ಕನ ಚಪ್ಪಲಿ ನೀರಿಗೆ ಹೋಗಿತ್ತಲ್ಲ, ಹಳದಿ ಚಪ್ಪಲಿ. ನನಗೆ ಅಷ್ಟೇ ನೆನಪು." ಐದೇ ನಿಮಿಷ. "ಹಳದಿ ಅಲ್ಲ. ನೀಲಿ. ಒಂದೇ ಹೋದದ್ದು. ಇನ್ನೊಂದು ಅವಳೇ ಎಸೆದ್ಲು, ಒಂದು ಇಟ್ಕೊಂಡು ಎಂತ ಮಾಡುದು ಅಂತ. ಮತ್ತೆ ಬರಿಗಾಲಲ್ಲಿ ಬಸ್ಸು ಹತ್ತಿದ್ವು. ನಾನೂ ಬಿಚ್ಚಿದ್ದೆ." ಅಷ್ಟು ಉದ್ದದ ಮೆಸೇಜು ಭಾವ ಜನ್ಮದಲ್ಲಿ ಬರೆದದ್ದಿಲ್ಲ.

ರಿಪೇರಿ ಮನುಷ್ಯ ತಪ್ಪನ್ನು ಹಾಗೇ ಬಿಡಲಾರ. ಆದರೆ ಬೇಕಂತ ಸುಳ್ಳು ಬರೆಯಬೇಡಿ, ಒಮ್ಮೆ ಸಿಕ್ಕಿಬಿದ್ದರೆ ಮುಗಿಯಿತು. ನಿಮಗೆ ನಿಜಕ್ಕೂ ಅರೆಬರೆ ನೆನಪಿರುವುದನ್ನು ಅರೆಬರೆಯಾಗಿಯೇ ಬರೆಯಿರಿ. ಈ ಸಲ ಫೋನ್ ಮಾಡಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು "ಬರಿಗಾಲಿನ ಕತೆ ನನಗೆ ಗೊತ್ತೇ ಇರಲಿಲ್ಲ. ಹನ್ನೊಂದರವರೆಗೆ ಎದ್ದಿರ್ತೇನೆ" ಎಂದು ಹಾಕಿದೆ. ಹತ್ತೂ ಮುಕ್ಕಾಲಿಗೆ ಇನ್ನೊಂದು ಬಂತು. ಅದು ಆಸ್ಪತ್ರೆಯ ಕೊನೆಯ ರಾತ್ರಿಯದು, ಇಲ್ಲಿ ಬರೆಯುವುದಿಲ್ಲ. ವರ್ಷಾಂತಿಕದ ಹಿಂದಿನ ದಿನ ನಾನು ಏನು ಕಳಿಸಿದೆ ಎಂಬುದನ್ನೂ ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಮಾತು ತಿರುಗಿಸುವುದು ಈಗಲೂ ನಿಂತಿಲ್ಲ. ಜೋಕು ಹಾಕಿದರೆ ನಾನೂ ನಗುತ್ತೇನೆ, ಮತ್ತೆ ಅಲ್ಲಿಗೇ ಎಳೆಯುವುದಿಲ್ಲ. "ಅಮ್ಮ ಹೇಗಿದ್ದಾರೆ?" ಎಂದು ತಿರುಗಿಸಿದರೆ ಮಾತ್ರ ಬಿಡುವುದಿಲ್ಲ, ಅದು ಒಳ್ಳೆಯ ಬಾಗಿಲು. ನಿಜವನ್ನೇ ಬರೆಯುತ್ತೇನೆ: "ಅಮ್ಮ ನಿನ್ನೆ ಅಕ್ಕನ ಸೀರೆ ಮಡಚಿದ್ದನ್ನೇ ಮತ್ತೆ ಮತ್ತೆ ಮಡಚ್ತಿದ್ರು. ನಾನು ಹಿತ್ತಲಿಗೆ ಹೋಗಿ ನಿಂತೆ." ನಾನು ಅಳುಮುಂಜಿ ಎಂದು ಗೊತ್ತಾದ ಮೇಲೆ ಅವರಿಗೆ ಸ್ವಲ್ಪ ಸಲೀಸಾಯಿತು.

ಒಂದು ಸಲ ಈ ಮೆಸೇಜು ಗಿಸೇಜು ಎಲ್ಲ ಬದಿಗಿಟ್ಟೆ. ಭಾವ ಅಂಗಡಿಯ ಕೀ, ಪಾಸ್‌ಬುಕ್ ಎರಡನ್ನೂ ತಂದು ನನ್ನ ಕೈಗಿಟ್ಟು "ನಿನ್ನ ಹತ್ತಿರ ಇರಲಿ" ಅಂದರು. ಎದುರು ಕೂತು ನೇರ ಕೇಳಿದೆ: "ಭಾವ, ಸಾಯುವ ಅಂತ ಅನಿಸ್ತಾ ಉಂಟಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಅವರು ನನ್ನನ್ನೇ ನೋಡಿ, "ಇಲ್ಲ ಮಾರಾಯ, ಬೊಂಬಾಯಿಗೆ ತಮ್ಮನ ಮನೆಗೆ ಹೋಗ್ತಿದ್ದೇನೆ, ಕಳ್ಳರ ಹೆದರಿಕೆ" ಅಂದರು. ಹೌದು ಅಂದಿದ್ದರೆ ಒಬ್ಬರನ್ನೇ ಬಿಡುವಂತಿರಲಿಲ್ಲ, ಅಲ್ಲಿಂದಲೇ 14416ಕ್ಕೆ ಹಚ್ಚುತ್ತಿದ್ದೆ. ಅದು ಸರಕಾರದ ಟೆಲಿ ಮಾನಸ್ ನಂಬರು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಈ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸುವ ಹೊತ್ತಿಗೆ, ಮೊದಲ ಸಲ ಅವರಾಗಿಯೇ ಬರೆದರು: "ಅವಳಿಗೆ ಬಡಿಸ್ಲಿಕ್ಕೆ ಎಂತ ಮಾಡುವ?" ನಾನು ಪತ್ರೊಡೆ ಮತ್ತು ಒಂದು ಲೋಟ ಬೆಲ್ಲದ ಚಾ ಎಂದೆ.

"ಬೆಲ್ಲ ಅಲ್ಲ, ಸಕ್ಕರೆ. ಎರಡು ಚಮಚ. ನಿನಗೆ ಒಂದೂ ಸರಿ ನೆನಪಿಲ್ಲ."