ಸ್ಕ್ವಾಟ್‌ನಲ್ಲಿ ಮಂಡಿ ಒಳಗೆ ವಾಲುತ್ತಿತ್ತು, ಸರಿ ಮಾಡಿಕೊಂಡಿದ್ದು ಹೀಗೆ

60 ಕೆಜಿ ಹೊತ್ತು ಕೆಳಗಿಂದ ಏಳುವಾಗ ನನ್ನ ಎರಡೂ ಮಂಡಿ ಒಳಗೆ ವಾಲುತ್ತಿದ್ದವು. ಎದುರಿಂದ ವಿಡಿಯೋ ಮಾಡಿ ನೋಡುವವರೆಗೂ ಗೊತ್ತೇ ಆಗಿರಲಿಲ್ಲ! ಸೊಂಟದ ಪಕ್ಕದ ಸ್ನಾಯು ವೀಕ್ ಅಂತ ಜಿಮ್‌ನಲ್ಲಿ ಎಲ್ಲರೂ ಅಂದರು. ಎಷ್ಟೋ ಜನರಿಗೆ ಅದೇ ಕಾರಣ ಇರಬಹುದು. ಆದರೆ ಎರಡೂ ಹಿಮ್ಮಡಿ ಕೆಳಗೆ 2.5 ಕೆಜಿ ಪ್ಲೇಟ್ ಇಟ್ಟು ಮಾಡಿದಾಗ ನನ್ನ ಮಂಡಿ ನೆಟ್ಟಗೇ ನಿಂತವು. ಅಂದರೆ ಬಿಗಿ ಇದ್ದಿದ್ದು ಕಣಕಾಲಿನ ಕೀಲು: ಮಂಡಿಗೆ ಮುಂದೆ ಹೋಗಲು ದಾರಿ ಸಿಗದೆ ಪಾದ ಒಳಗಡೆ ಕುಸಿಯುತ್ತಿತ್ತು, ಮಂಡಿ ಅದರ ಹಿಂದೆಯೇ ಹೋಗುತ್ತಿತ್ತು.

ತೂಕ 40ಕ್ಕೆ ಇಳಿಸಿದೆ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರನ್ನೂ ನೆಲಕ್ಕೊತ್ತಿ, ಮಂಡಿಯನ್ನು ಎರಡನೇ ಬೆರಳಿನ ಕಡೆಗೇ ಇಟ್ಟುಕೊಂಡೆ. ಸುಮ್ನೆ ಹೊರಗೆ ಜಾಸ್ತಿ ತಳ್ಳಿದರೆ ಹೆಬ್ಬೆರಳ ಬುಡ ಮೇಲೇಳುತ್ತದೆ, ಅದೂ ತಪ್ಪೇ. ಜೊತೆಗೆ ದಿನಾ ಗೋಡೆ ಎದುರು ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸುವ ಅಭ್ಯಾಸ. ಈಗ ಪ್ಲೇಟ್ ಇಲ್ಲದೆಯೂ ನೆಟ್ಟಗೆ ಏಳುತ್ತೇನೆ.